ದೊಡ್ಡಮ್ಮನ ಎಂಡೋಸ್ಕೋಪಿ ಸೂಚನೆ ಕನ್ನಡಕ್ಕೆ: "8 ಗಂಟೆ ಮೊದಲು" ಅನ್ನುವುದನ್ನು ಹೇಗೆ ಬರೆಯಲಿ?

ಅಂಗಳ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ 76 ವರ್ಷ. ಮನೆಯಲ್ಲಿ ಒಬ್ಬರೇ ಇರುತ್ತಾರೆ. ಬರುವ ಗುರುವಾರ ಅವರಿಗೆ ಹೊಟ್ಟೆಯ ಎಂಡೋಸ್ಕೋಪಿ ಇದೆ, ಬಾಯಿಯಿಂದ ಕೊಳವೆ ಇಳಿಸಿ ನೋಡುವುದು. ಆಸ್ಪತ್ರೆಯಿಂದ ಮೆಸೇಜ್ ಬಂದಿದೆ, ಪೂರ್ತಿ ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡ ಮಾತ್ರ ಸಲೀಸಾಗಿ ಓದುತ್ತಾರೆ. ನಾನು ಅವರ ಮನೆ ಮುಟ್ಟುವುದು ಗುರುವಾರ ಬೆಳಿಗ್ಗೆ ಎಂಟೂವರೆಗೆ. ಅಲ್ಲಿಯವರೆಗೆ ಅವರು ನಾನು ಬರೆದು ಕಳಿಸಿದ್ದನ್ನೇ ನೋಡಿಕೊಂಡು ನಡೆಯಬೇಕು. ಸಕ್ಕರೆ ಕಾಯಿಲೆ, ಬಿಪಿ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ.

ನಾನು ಹೀಗೆ ಬರೆದಿದ್ದೇನೆ:

"ನಿಮ್ಮ ಅಪಾಯಿಂಟ್‌ಮೆಂಟ್ ಗುರುವಾರ 10:30ಕ್ಕೆ ನಿಗದಿಯಾಗಿದೆ. 9:30ಕ್ಕೆ ವರದಿ ಮಾಡಿಕೊಳ್ಳಿ. ಪರೀಕ್ಷೆಗೆ 8 ಗಂಟೆ ಮೊದಲು ಘನ ಆಹಾರ ಸೇವಿಸಬಾರದು. 2 ಗಂಟೆ ಮೊದಲಿನವರೆಗೆ ಸ್ಪಷ್ಟ ದ್ರವಗಳನ್ನು ಸೇವಿಸಬಹುದು. ಮಧುಮೇಹದ ಔಷಧಿಯ ಬೆಳಗಿನ ಡೋಸ್ ಬಿಡಿ. ರಕ್ತದೊತ್ತಡದ ಔಷಧಿಯನ್ನು ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಿ. ಕೃತಕ ದಂತಪಂಕ್ತಿ ತೆಗೆಯಿರಿ. ಜೊತೆಗೆ ಒಬ್ಬರು ಕಡ್ಡಾಯ."

ಮೂಲದಲ್ಲಿ ಇದ್ದದ್ದೆಲ್ಲ ಬಂದಿದೆ, ಒಂದೂ ಬಿಟ್ಟಿಲ್ಲ. ಆದರೂ ಓದಿದಾಗ ದೊಡ್ಡಮ್ಮನ ಕೈಗೆ ಇದನ್ನು ಕೊಡಲು ಮನಸ್ಸು ಒಪ್ಪುತ್ತಿಲ್ಲ. ಏನು ಬದಲಾಯಿಸಲಿ?

ಹಳೇಲೆಕ್ಕ

ಇಷ್ಟು ಉದ್ದ ಯಾಕೆ ಸ್ವಾಮಿ? ವಯಸ್ಸಾದವರಿಗೆ ಎರಡು ಸಾಲಿಗಿಂತ ಹೆಚ್ಚು ಕೊಡಬಾರದು. "ಬುಧವಾರ ರಾತ್ರಿ ಊಟ ಆದ ಮೇಲೆ ಬಾಯಿಗೆ ಏನೂ ಹಾಕಬೇಡಿ. ಗುರುವಾರ ಬೆಳಿಗ್ಗೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ." ಮುಗಿಯಿತು. ನಮ್ಮ ತಂದೆಗೆ ಪ್ರತಿ ಸಲ ಹೀಗೇ ಹೇಳುವುದು, ಯಾವತ್ತೂ ತೊಂದರೆ ಆಗಿಲ್ಲ.

ಮಂಜಿನಹನಿ

ಹಳೇಲೆಕ್ಕ ಅವರು ಗಂಟೆಯ ಲೆಕ್ಕವನ್ನೇ ತೆಗೆದುಹಾಕಿ "ರಾತ್ರಿ ಊಟ ಆದ ಮೇಲೆ" ಅಂದಿದ್ದು ನನಗೆ ಹಿಡಿಸಿತು. ಅಲ್ಲಿಂದಲೇ ಶುರು ಮಾಡೋಣ. "ಬಾಯಿಗೆ ಏನೂ ಹಾಕಬೇಡಿ" ಅನ್ನುವ ಭಾಗದ ಬಗ್ಗೆ ವೈದ್ಯಕೀಯ ತಿಳಿದವರು ಹೇಳಲಿ.

ನಾನು ಆಸ್ಪತ್ರೆ ಕಾಗದಗಳ ಅನುವಾದ ಮಾಡುತ್ತೇನೆ. ನಿಮ್ಮ ಕರಡಿನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು "ಪರೀಕ್ಷೆಗೆ 8 ಗಂಟೆ ಮೊದಲು ಘನ ಆಹಾರ ಸೇವಿಸಬಾರದು" ಅನ್ನುವುದು. ಕನ್ನಡದಲ್ಲಿ ಗಂಟೆ ಅಂದರೆ ಗಡಿಯಾರ ತೋರಿಸುವ ಹೊತ್ತೂ ಹೌದು, ಅರವತ್ತು ನಿಮಿಷದ ಅವಧಿಯೂ ಹೌದು. ಬರೆದವರು ಎಂಟು ಗಂಟೆಗಳಷ್ಟು ಹಿಂದಿನಿಂದ ಅಂದುಕೊಂಡಿರುತ್ತಾರೆ. ಓದುವವರು ಬೆಳಿಗ್ಗೆ ಎಂಟು ಗಂಟೆಗೆ ಮುಂಚೆ ತಿನ್ನಬಾರದು ಅಂದುಕೊಳ್ಳುತ್ತಾರೆ. ಹಾಗೆ ಓದಿಕೊಂಡವರು ಎಂಟು ಹೊಡೆಯುವುದನ್ನೇ ಕಾದು, ಎಂಟೂಕಾಲಿಗೆ ತಿಂಡಿ ತಿಂದು, ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಸಮಾಧಾನದಲ್ಲಿ ಆಸ್ಪತ್ರೆಗೆ ಬರುತ್ತಾರೆ. "ಗಂಟೆ ಮೊದಲು", "ಗಂಟೆಗೆ ಮೊದಲು" ಅನ್ನುವ ಎರಡರ ನಡುವೆ ಬರಹದಲ್ಲಿರುವುದು ಒಂದೇ ಅಕ್ಷರದ ವ್ಯತ್ಯಾಸ. ಮಾತಿನಲ್ಲಿ ಅದೂ ಕಿವಿಗೆ ಬೀಳುವುದಿಲ್ಲ. "2 ಗಂಟೆ ಮೊದಲಿನವರೆಗೆ" ಅನ್ನುವುದು ಇನ್ನೂ ಕಷ್ಟ. ಅದನ್ನು ರಾತ್ರಿ ಎರಡು ಗಂಟೆ ಅಂತ ಓದುವವರೂ ಇರುತ್ತಾರೆ.

ಹಾಗಾಗಿ ಅವಧಿಯನ್ನು ಅನುವಾದಿಸಲೇ ಬೇಡಿ. ಕೂಡಿ ಕಳೆಯುವ ಲೆಕ್ಕ ನೀವು ಮಾಡಿ. ಅವರಿಗೆ ವಾರ, ಹೊತ್ತು, ಗಡಿಯಾರದ ಗಂಟೆ ಈ ಮೂರನ್ನೂ ಸೇರಿಸಿ ಕೊಡಿ: "ಬುಧವಾರ ರಾತ್ರಿ 9 ಗಂಟೆ", "ಗುರುವಾರ ಬೆಳಿಗ್ಗೆ 7:30". ವಯಸ್ಸಾದವರು ತಾವೇ ಹಿಂದಕ್ಕೆ ಎಣಿಸಬೇಕಾದ ಒಂದೇ ಒಂದು ಅಂಕಿಯೂ ಕಾಗದದಲ್ಲಿ ಇರಬಾರದು.

ಕೆಂಪುಮಣ್ಣು

ನಮ್ಮ ಕಡೆ ಈ ತೊಂದರೆ ಇಲ್ರೀ. ಅವಧಿಗೆ ನಾವು ತಾಸು ಅಂತೀವಿ. "ಎಂಟು ತಾಸು ಮೊದಲ" ಅಂದ್ರ ಯಾರೂ ಎಂಟು ಹೊಡೆಯೋದು ಅಂತ ತಿಳಕೊಳ್ಳೂದಿಲ್ಲ. ಗಂಟೆ ಬದಲು ತಾಸು ಅಂತ ಹಾಕಿದ್ರ ಆತಲ್ಲ?

ಮಂಜಿನಹನಿ

ತಾಸು ಚೆನ್ನಾದ ಪದ. ದೊಡ್ಡಮ್ಮ ಅದನ್ನು ದಿನವೂ ಆಡುವವರಾದರೆ ಖಂಡಿತ ಬಳಸಿ. ಅಲ್ಲದಿದ್ದರೆ "ಎಂಟು ಗಂಟೆ ಕಾಲ" ಅನ್ನಬಹುದು, ಅದರಲ್ಲಿ ಅವಧಿ ಅನ್ನುವುದು ಸ್ಪಷ್ಟವಾಗುತ್ತದೆ. ಆದರೆ ಪದ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವಲ್ಲ. ಹತ್ತೂವರೆಯಿಂದ ಎಂಟು ತಾಸು ಹಿಂದೆ ಎಣಿಸಿ ರಾತ್ರಿ ಎರಡೂವರೆ ಅಂತ ಕಂಡುಕೊಳ್ಳುವುದು ಅವರ ಪಾಲಿಗೇ ಉಳಿಯುತ್ತದೆ.

ಮಿಣುಕುಹುಳ

ನಮ್ಮ ಅಪ್ಪನಿಗೂ ಇದೇ ಶನಿವಾರ ಫಾಸ್ಟಿಂಗ್ ಇದೆ. ಸಕ್ಕರೆ ಮತ್ತು ಕೊಲೆಸ್ಟ್ರಾಲ್. ಅಂಗಳ ಅವರ ಕಾಗದ ಸಿದ್ಧವಾದರೆ ದಿನ ಬದಲಾಯಿಸಿ ಅದನ್ನೇ ಅಪ್ಪನಿಗೂ ಕೊಟ್ಟರೆ ಆಗುತ್ತದಲ್ಲವೇ? ಎರಡೂ ಖಾಲಿ ಹೊಟ್ಟೆಯೇ ತಾನೇ.

ಬಿಳಿಸೆರಗು

ದಯವಿಟ್ಟು ಹಾಗೆ ಮಾಡಬೇಡಿ ಮಿಣುಕುಹುಳ. ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು. ಖಾಲಿ ಹೊಟ್ಟೆ ಅನ್ನುವ ಮಾತು ಒಂದೇ, ಕಾರಣ ಬೇರೆ ಬೇರೆ, ಆದ್ದರಿಂದ ನಿಯಮವೂ ಬೇರೆ.

ನಿಮ್ಮ ತಂದೆಯವರದು ರಕ್ತ ಪರೀಕ್ಷೆ. ತಿಂದದ್ದು ರಕ್ತಕ್ಕೆ ಸೇರಿ ಅಂಕಿ ಬದಲಾಗಬಾರದು ಅನ್ನುವುದಷ್ಟೇ ಅಲ್ಲಿನ ಉದ್ದೇಶ. ಖಾಲಿ ಹೊಟ್ಟೆ ಸಕ್ಕರೆಗೆ ಕನಿಷ್ಠ 8 ಗಂಟೆ ಕಾಲ ಏನೂ ತಿಂದಿರಬಾರದು. ಕೊಲೆಸ್ಟ್ರಾಲ್‌ಗೆ 9ರಿಂದ 12 ಗಂಟೆ ಕಾಲ ಅನ್ನುವವರಿದ್ದಾರೆ, ಈಚೆಗೆ ಅದಕ್ಕೆ ಖಾಲಿ ಹೊಟ್ಟೆ ಬೇಕೇ ಬೇಕು ಅನ್ನದ ಕಡೆಗಳೂ ಇವೆ. ಬರೀ ನೀರು ಎಷ್ಟು ಕುಡಿದರೂ ತೊಂದರೆಯಿಲ್ಲ. ಕುಡಿದು ಬಂದರೆ ರಕ್ತನಾಳ ಬೇಗ ಸಿಗುತ್ತದೆ. ಅದೇ ಗರ್ಭಕೋಶವನ್ನೋ ಮೂತ್ರಕೋಶವನ್ನೋ ನೋಡುವ ಸ್ಕ್ಯಾನ್ ಆಗಿದ್ದರೆ ನೀರು ತುಂಬಾ ಕುಡಿದು, ಮೂತ್ರ ಮಾಡದೆ ಬನ್ನಿ ಅನ್ನುತ್ತಾರೆ.

ಎಂಡೋಸ್ಕೋಪಿಯಲ್ಲಿ ಎರಡು ಭಯ. ಹೊಟ್ಟೆಯಲ್ಲಿ ಆಹಾರ ಉಳಿದಿದ್ದರೆ ಒಳಗೋಡೆ ಕಾಣುವುದಿಲ್ಲ. ಅದಕ್ಕಿಂತ ದೊಡ್ಡದು, ಮಂಪರು ಬರುವ ಔಷಧಿ ಕೊಟ್ಟಾಗ ಗಂಟಲಿನ ಎಚ್ಚರ ತಪ್ಪುತ್ತದೆ. ಆಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೇ ತಿಂದು ಬಂದವರನ್ನು ನಾವು ವಾಪಸು ಕಳಿಸುವುದು. ಒಬ್ಬರ ಕಾಗದವನ್ನು ಇನ್ನೊಬ್ಬರಿಗೆ ಕೊಡಬಾರದು ಅನ್ನುವುದಕ್ಕೂ ಇದೇ ಕಾರಣ.

ಈಗ ಹಳೇಲೆಕ್ಕ ಅವರ ಸಾಲಿಗೆ ಬರುತ್ತೇನೆ. "ರಾತ್ರಿ ಊಟ ಆದ ಮೇಲೆ ಬಾಯಿಗೆ ಏನೂ ಹಾಕಬೇಡಿ" ಅಂದರೆ ವಯಸ್ಸಾದವರು ನೀರನ್ನೂ ಬಿಡುತ್ತಾರೆ. ಬಿಪಿ ಮಾತ್ರೆಯನ್ನೂ ಬಿಡುತ್ತಾರೆ. ರಾತ್ರಿ ಎಂಟಕ್ಕೆ ಉಂಡವರು ಬೆಳಿಗ್ಗೆ ಹತ್ತೂವರೆಯವರೆಗೆ, ಅಂದರೆ ಹದಿನಾಲ್ಕೂವರೆ ಗಂಟೆ ಕಾಲ ತೊಟ್ಟು ನೀರಿಲ್ಲದೆ ಇರಬೇಕಾಗುತ್ತದೆ. ಅಂಥವರು ತಲೆಸುತ್ತಿ ಬಚ್ಚಲಲ್ಲಿ ಬಿದ್ದದ್ದನ್ನು ನೋಡಿದ್ದೇನೆ. ನೀರು ಹೊಟ್ಟೆಯಿಂದ ಬೇಗ ಇಳಿದುಹೋಗುತ್ತದೆ. ಎರಡು ಗಂಟೆ ಕಾಲ ಮುಂಚೆವರೆಗೆ ಕುಡಿಯಬಹುದು ಅಂತ ಬಿಟ್ಟಿರುವುದು ಅದಕ್ಕೇ. ಆ ಸಾಲನ್ನು ಅನುವಾದದಲ್ಲಿ ಕಳೆದುಕೊಳ್ಳಬಾರದು.

ಹಳೇಲೆಕ್ಕ

ಬಿಪಿ ಮಾತ್ರೆಯ ವಿಷಯ ಒಪ್ಪಿದೆ. ಆದರೆ ನೀರು ಕುಡಿಯಬಹುದು ಅಂತ ಬರೆದರೆ ಅದರ ಹಿಂದೆಯೇ ಕಾಫಿ ಬರುತ್ತದೆ. ಒಂದಕ್ಕೆ ಬಾಗಿಲು ತೆರೆದರೆ ಎಲ್ಲವೂ ಒಳಗೆ ಬರುತ್ತವೆ ಅನ್ನುವುದು ನನ್ನ ಭಯ.

ಬಿಳಿಸೆರಗು

ನಿಮ್ಮ ಭಯ ಸರಿಯಾದದ್ದೇ. "ಏನಾದರೂ ತಿಂದಿರಾ" ಅಂದರೆ ಇಲ್ಲ ಅನ್ನುತ್ತಾರೆ. "ಕಾಫಿ ಕುಡಿದಿರಾ" ಅಂದರೆ "ಅಯ್ಯೋ, ಅದೊಂದು ಲೋಟ ಅಷ್ಟೇ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಕಾಫಿಯನ್ನು ಅವರು ತಿನ್ನುವುದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಾಲು ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ, ಅದಕ್ಕೆ ಆಹಾರದಷ್ಟೇ ಸಮಯ ಬೇಕು. ಅರಿವಳಿಕೆಗೆ ಮುಂಚಿನ ನಿಯಮಗಳಲ್ಲಿ ಹಾಲಿಗೆ ಲಘು ಆಹಾರದಂತೆಯೇ 6 ಗಂಟೆ ಕಾಲ, ಎಣ್ಣೆ ಜಿಡ್ಡಿನ ಊಟಕ್ಕೆ 8 ಅಥವಾ ಹೆಚ್ಚು ಅಂತ ಇಟ್ಟಿದ್ದಾರೆ. ಆದ್ದರಿಂದ ಕಾಫಿ, ಟೀ, ಹಾಲು, ಮಜ್ಜಿಗೆ ಅಂತ ಹೆಸರು ಹಿಡಿದೇ ಬರೆಯಿರಿ. "ಸ್ಪಷ್ಟ ದ್ರವ" ಅಂದರೆ ನನಗೇ ಅರ್ಥವಾಗುವುದಿಲ್ಲ.

ಅಂಗಳ

ಹಾಲಿಲ್ಲದ ಕಾಫಿ, ಟೀ ಆ ಪಟ್ಟಿಯಲ್ಲಿ ಬರುತ್ತದೆ ಅಂತ ಓದಿದ್ದೆ. ಸೋಸಿದ ತಿಳಿ ಹಣ್ಣಿನ ರಸವೂ ಬರುತ್ತದಂತೆ. ಅವೆಲ್ಲವನ್ನೂ ಬರೆಯಲೇ?

ಬಿಳಿಸೆರಗು

ನಿಯಮದ ಪ್ರಕಾರ ಬರುತ್ತವೆ, ಆಚೆ ಬದಿಯ ಅಕ್ಷರ ಕಾಣುವಂಥ ತಿಳಿಯಾದ ದ್ರವಗಳೆಲ್ಲ. ಆದರೆ ಕೆಲವು ವಿಭಾಗಗಳಲ್ಲಿ ಬರೀ ನೀರು ಮಾತ್ರ ಬಿಡುತ್ತಾರೆ. ಒಬ್ಬರೇ ಇರುವ ಹಿರಿಯರಿಗೆ "ನೀರು ಮಾತ್ರ" ಅಂತ ಬರೆಯುವುದು ನನ್ನ ಪದ್ಧತಿ.

ಮಂಜಿನಹನಿ

ಇಲ್ಲಿ ನನಗೆ ಸ್ವಲ್ಪ ಅಳುಕು. ಮೂಲದಲ್ಲಿ ಬಿಟ್ಟಿರುವುದನ್ನು ಅನುವಾದಕರು ಮುಚ್ಚುವುದು ನಮ್ಮ ಅಧಿಕಾರಕ್ಕೆ ಮೀರಿದ್ದು. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ತಿಳಿ ರಸ ಕುಡಿಯಬಹುದಾದ ಅವಕಾಶ ಅವರಿಗೆ ಬೇಕಾಗಿ ಬಂದರೆ? ಸುಲಭ ಮಾಡುವ ಆಸೆಯಲ್ಲಿ ವೈದ್ಯರು ಕೊಟ್ಟದ್ದನ್ನು ನಾವು ಕಿತ್ತುಕೊಂಡಂತೆ ಆಗಬಾರದು. ಇದನ್ನು ಆಸ್ಪತ್ರೆಗೇ ಕೇಳಿ ಬರೆಯಬೇಕು ಅನ್ನುತ್ತೇನೆ.

ಬಿಳಿಸೆರಗು

ಕೇಳಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಕುಟುಂಬದವರು ಬರೆದುಕೊಡುವ ಚೀಟಿಯನ್ನೂ ಆಸ್ಪತ್ರೆ ಹಂಚುವ ಅನುವಾದವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮನೆಯವರು ಆ ಒಬ್ಬ ವ್ಯಕ್ತಿಯನ್ನು ಬಲ್ಲವರು.

ಮಿಣುಕುಹುಳ

ನಮ್ಮ ಅಪ್ಪನಿಗೆ ಹೋದ ಸಲ ನಾವು "ಉಪವಾಸ ಇರಬೇಕು" ಅಂದಿದ್ದೆವು. ಅವರು ಅನ್ನ ಮುಟ್ಟಲಿಲ್ಲ, ಬಾಳೆಹಣ್ಣು ತಿಂದು ಹಾಲು ಕುಡಿದು ಬಂದರು. ಲ್ಯಾಬಿನವರು ಬೈದಾಗ "ಉಪವಾಸಕ್ಕೆ ಹಣ್ಣು ಹಾಲು ನಡೆಯುತ್ತದಲ್ಲ" ಅಂತ ಅವರೇ ವಾದ ಮಾಡಿದರು. ಅಂಗಳ ಅವರು ಆ ಪದ ಹಾಕದೇ ಇರುವುದು ಒಳ್ಳೆಯದಾಯಿತು.

ತಂತಿಮನೆ

ಬೇರೆ ವಿಷಯ. ಇದನ್ನು ಎಸ್‌ಎಂಎಸ್‌ನಲ್ಲಿ ಕಳಿಸುತ್ತೀರೋ, ಕಾಗದದಲ್ಲೋ? ಕನ್ನಡ ಎಸ್‌ಎಂಎಸ್ ಒಂದರಲ್ಲಿ ಹಿಡಿಯುವುದು 70 ಅಕ್ಷರ ಮಾತ್ರ, ಇಂಗ್ಲಿಷಿನಲ್ಲಾದರೆ 160. ಕನ್ನಡದಲ್ಲಿ ಕಾಗುಣಿತದ ಒಂದೊಂದು ಗುರುತೂ ಬೇರೆ ಅಕ್ಷರವಾಗಿಯೇ ಲೆಕ್ಕಕ್ಕೆ ಬರುತ್ತದೆ. "ಕ್ಕೆ" ಅನ್ನುವುದಕ್ಕೇ ನಾಲ್ಕು ಹೋಗುತ್ತದೆ. ಉದ್ದದ ಮೆಸೇಜ್ ತುಂಡಾಗಿ ಹೋಗಿ ಆಚೆ ಜೋಡಣೆಯಾಗಬೇಕು. ಒಂದು ತುಂಡು ತಡವಾದರೆ "ಬೆಳಿಗ್ಗೆ ಸಕ್ಕರೆ ಮಾತ್ರೆ" ಒಂದು ಕಡೆ, "ಬೇಡ" ಇನ್ನೊಂದು ಕಡೆ ಆಗಬಹುದು. ಹಳೆಯ ಕೀಪ್ಯಾಡ್ ಫೋನಾದರೆ ಬರೀ ಚೌಕ ಚೌಕ ಕಾಣುವ ಸಾಧ್ಯತೆಯೂ ಇದೆ. ಕಾಗದದ ಚಿತ್ರ ತೆಗೆದು ಕಳಿಸಿದರೆ ಈ ತಾಪತ್ರಯ ಇಲ್ಲ.

ಮೆಸೇಜಿನಲ್ಲಿ "ನಾಳೆ" ಅಂತ ಬರೆಯಬೇಡಿ. ಅವರು ಅದನ್ನು ತೆರೆದು ನೋಡುವುದು ಮರುದಿನವಾದರೆ ಇಡೀ ಸೂಚನೆ ಒಂದು ದಿನ ಮುಂದಕ್ಕೆ ಹೋಗುತ್ತದೆ.

ಅಂಗಳ

ಪಕ್ಕದ ಮನೆಯ ಹುಡುಗ ಪ್ರಿಂಟ್ ತೆಗೆದು ಕೊಡುತ್ತಾನೆ. ಕಾಗದವೇ. ಅಂಕಿ ಕನ್ನಡದ್ದೇ ಇರಲೇ?

ಮಂಜಿನಹನಿ

ಅವರ ಗಡಿಯಾರದಲ್ಲಿ, ಮಾತ್ರೆ ಪಟ್ಟಿಯಲ್ಲಿ ಯಾವ ಅಂಕಿ ಇದೆಯೋ ಅದೇ ಇರಲಿ. ಕಾಗದವನ್ನು ಗಡಿಯಾರದ ಪಕ್ಕ ಹಿಡಿದು ಹೊಂದಿಸಿ ನೋಡುವವರು ಅವರು. ಕಣ್ಣು ಮಂಜಾದವರಿಗೆ ೬ ಮತ್ತು ೯ ಬೇಗ ಅದಲುಬದಲಾಗುತ್ತವೆ ಅನ್ನುವುದನ್ನೂ ಗಮನದಲ್ಲಿಡಿ.

ಇನ್ನೊಂದು, ರಾತ್ರಿ 12. ನಿಮ್ಮ ಮೆಸೇಜಿನಲ್ಲಿ ಅದು ಇಲ್ಲದಿರುವುದು ನಿಮ್ಮ ಪುಣ್ಯ. "ಗುರುವಾರ ರಾತ್ರಿ 12ರಿಂದ ಏನೂ ತಿನ್ನಬೇಡಿ" ಅಂತ ಮೂಲದಲ್ಲಿ ಇದ್ದರೆ ಇಂಗ್ಲಿಷ್ ಲೆಕ್ಕದಲ್ಲಿ ಅದು ಗುರುವಾರ ಶುರುವಾಗುವ ಹೊತ್ತು. ನಮ್ಮ ಹಿರಿಯರಿಗೆ ದಿನ ಶುರುವಾಗುವುದು ಬೆಳಗಾದಾಗ. ಗುರುವಾರ ರಾತ್ರಿ ಅಂದರೆ ಅವರ ಪಾಲಿಗೆ ಗುರುವಾರ ಹಗಲು ಕಳೆದ ಮೇಲಿನ ರಾತ್ರಿ, ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಮಧ್ಯರಾತ್ರಿಯನ್ನು ನಾನು ಎಲ್ಲಿಯೂ ಬರೆಯುವುದಿಲ್ಲ. ಅದರ ಹಿಂದಿನ ಸಂಜೆಯ ಊಟಕ್ಕೆ ಕಟ್ಟಿ ಬರೆಯುತ್ತೇನೆ.

ಬಿಳಿಸೆರಗು

ಅಂಗಳ ಅವರೇ, ಆಸ್ಪತ್ರೆಗೆ ಫೋನ್ ಮಾಡುವಾಗ ಇನ್ನೆರಡು ಕೇಳಿ.

ಒಂದು, ಗಂಟೆ ಎಣಿಸಬೇಕಾದದ್ದು ಹತ್ತೂವರೆಯಿಂದಲೋ, ಒಂಬತ್ತೂವರೆಯಿಂದಲೋ. ಮುಂಚಿನ ರೋಗಿ ಬರದಿದ್ದರೆ ನಾವು ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತೇವೆ. ಎಂಟೂವರೆಗೆ ನೀರು ಕುಡಿದು ಒಂಬತ್ತೂವರೆಗೆ ಬಂದವರನ್ನು ಆಗ ಒಳಗೆ ಕರೆಯಲು ಆಗುವುದಿಲ್ಲ. ಬರಬೇಕಾದ ಹೊತ್ತಿನಿಂದ ಎಣಿಸಿದರೆ ನೀರಿನ ಗಡಿ ಏಳೂವರೆ ಆಗುತ್ತದೆ, ಅದು ಎರಡು ಕಡೆಗೂ ಸರಿಹೋಗುತ್ತದೆ.

ಎರಡು, ಸಕ್ಕರೆ ಮಾತ್ರೆಯ ಹೆಸರುಗಳನ್ನು ಓದಿ ಹೇಳಿ ಕೇಳಿ. "ಬೆಳಗಿನ ಡೋಸ್ ಬಿಡಿ" ಅನ್ನುವುದು ಎಲ್ಲ ಮಾತ್ರೆಗೂ ಹೊಂದುವ ಮಾತಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯವನ್ನು ಮುಂಚೆಯೇ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಎಂಡೋಸ್ಕೋಪಿಗೆ ಏನು ಮಾಡಬೇಕು ಅನ್ನುವುದನ್ನು ಅವರ ವೈದ್ಯರೇ ಹೇಳಬೇಕು. ಇನ್ಸುಲಿನ್ ಇದ್ದರೆ ಅದರ ಲೆಕ್ಕವೇ ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ತಿಳಿಸಿ. ಅದನ್ನು ಮನೆಯವರು ತಾವಾಗಿ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದುಂಟು, ಅಂಥವರಿಗೆ ಊಟದ ಗಡಿಯನ್ನು ಇನ್ನೂ ಹಿಂದಕ್ಕೆ ಸರಿಸುತ್ತಾರೆ.

ಮಂಜಿನಹನಿ

"ಡೋಸ್ ಬಿಡಿ" ಬಗ್ಗೆ ನನ್ನದೂ ಒಂದು ಮಾತು. ಕನ್ನಡದಲ್ಲಿ ಸಿಗರೇಟು ಬಿಡಿ ಅಂದರೆ ಶಾಶ್ವತವಾಗಿ ಬಿಡಿ ಅಂತ. ಮಾತ್ರೆ ಬಿಡಿ ಅಂದರೂ ಹಾಗೇ ಕೇಳಿಸುತ್ತದೆ. ಪರೀಕ್ಷೆ ಮುಗಿದು ವಾರವಾದರೂ ಮಾತ್ರೆ ಮುಟ್ಟದೆ ಕೂರುವವರಿದ್ದಾರೆ. "ಗುರುವಾರ ಬೆಳಿಗ್ಗೆ ಒಂದು ಹೊತ್ತು ಮಾತ್ರ ಬೇಡ" ಅಂತ ಬರೆದು, ಮತ್ತೆ ಯಾವಾಗಿನಿಂದ ಶುರು ಅನ್ನುವುದನ್ನೂ ಅದರ ಪಕ್ಕದಲ್ಲೇ ಹಾಕಿ.

ಅಂಗಳ

ಫೋನ್ ಮಾಡಿದೆ. ಮೊದಲು ಎತ್ತಿದವರು "ಮೆಸೇಜಿನಲ್ಲಿ ಇದೆಯಲ್ಲ" ಅಂದರು. ವಿಭಾಗದ ನರ್ಸ್ ಹತ್ತಿರ ಮಾತಾಡಬೇಕು ಅಂದ ಮೇಲೆ ಸಂಪರ್ಕ ಕೊಟ್ಟರು. ಅವರು ತಾಳ್ಮೆಯಿಂದ ಹೇಳಿದರು. ಬರುವ ಹೊತ್ತಿನಿಂದಲೇ ಎಣಿಸಿ, ನೀರು ಏಳೂವರೆಯವರೆಗೆ, ಉಳಿದ ದ್ರವ ಯಾವುದೂ ಬೇಡ, ಊಟ ರಾತ್ರಿ ಒಂಬತ್ತರೊಳಗೆ. ದೊಡ್ಡಮ್ಮನ ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ವೈದ್ಯರನ್ನು ಕೇಳಿ ತಿರುಗಿ ಫೋನ್ ಮಾಡಿದರು: ಗುರುವಾರ ಬೆಳಿಗ್ಗೆ ಎರಡೂ ಬೇಡ, ಪರೀಕ್ಷೆ ಮುಗಿದು ಊಟ ಮಾಡುವ ಮುಂಚೆ ಏನು ಮಾಡಬೇಕೆಂದು ಅಲ್ಲೇ ಹೇಳುತ್ತೇವೆ. ಬಿಪಿ ಮಾತ್ರೆ ಆರು ಗಂಟೆಗೆ. ಸಕ್ಕರೆ ಇಳಿದರೆ ಏನು ಅಂತಲೂ ಕೇಳಿದೆ, ಅದಕ್ಕೂ ಉತ್ತರ ಸಿಕ್ಕಿತು. ಎಲ್ಲ ಸೇರಿಸಿ ಹೀಗೆ ಬರೆದಿದ್ದೇನೆ:

"ದೊಡ್ಡಮ್ಮ, ಗುರುವಾರ ನಿಮ್ಮ ಹೊಟ್ಟೆಯ ಪರೀಕ್ಷೆ. ಬೆಳಿಗ್ಗೆ 8:30ಕ್ಕೆ ನಾನು ಮನೆಗೆ ಬರುತ್ತೇನೆ, ಇಬ್ಬರೂ ಒಟ್ಟಿಗೆ ಹೋಗೋಣ.

ಬುಧವಾರ ರಾತ್ರಿ 9 ಗಂಟೆಯೊಳಗೆ ಊಟ ಮುಗಿಸಿ. ದಿನದ ರಾತ್ರಿ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ. ಅದಾದ ಮೇಲೆ ತಿನ್ನುವುದು ಏನೂ ಬೇಡ.

ಗುರುವಾರ ಬೆಳಿಗ್ಗೆ ಎದ್ದ ಮೇಲೆ ಕಾಫಿ, ಟೀ, ಹಾಲು, ಮಜ್ಜಿಗೆ, ಹಣ್ಣು, ತಿಂಡಿ ಯಾವುದೂ ಬೇಡ. ನೀರು ಕುಡಿಯಬಹುದು, ಕುಡಿಯಿರಿ.

ಬೆಳಿಗ್ಗೆ 6 ಗಂಟೆಗೆ ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ. ಸಕ್ಕರೆಯ ಎರಡೂ ಮಾತ್ರೆ ಗುರುವಾರ ಬೆಳಿಗ್ಗೆ ಒಂದು ಹೊತ್ತು ಮಾತ್ರ ಬೇಡ. ಮತ್ತೆ ಯಾವಾಗ ತೆಗೆದುಕೊಳ್ಳಬೇಕು ಅಂತ ಆಸ್ಪತ್ರೆಯಲ್ಲಿ ಹೇಳುತ್ತಾರೆ.

ಬೆಳಿಗ್ಗೆ 7:30 ಆದ ಮೇಲೆ ನೀರೂ ಬೇಡ.

ಕೈ ನಡುಗಿದರೆ, ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ ಯಾವ ಹೊತ್ತಾದರೂ ಸರಿ, ತಡಮಾಡದೆ ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕುಡಿಯಿರಿ. ಆಮೇಲೆ ನನಗೆ ಫೋನ್ ಮಾಡಿ. ಪರೀಕ್ಷೆ ಮುಂದೆ ಹೋದರೂ ಚಿಂತೆಯಿಲ್ಲ.

ಹಲ್ಲಿನ ಸೆಟ್ ಇಡಲು ಡಬ್ಬಿ ತೆಗೆದುಕೊಳ್ಳಿ. ಮಾತ್ರೆಗಳ ಚೀಟಿಯೂ ಇರಲಿ."

ಬಿಳಿಸೆರಗು

ಚೆನ್ನಾಗಿ ಬಂದಿದೆ. ಸಕ್ಕರೆ ನೀರಿನ ಸಾಲು ನನಗೆ ತುಂಬಾ ಸಮಾಧಾನ ಕೊಟ್ಟಿತು. ಗ್ಲಿಮೆಪಿರೈಡ್ ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುವ ಮಾತ್ರೆ. ಬೇಡ ಅಂದರೂ ಅಭ್ಯಾಸ ಬಲದಿಂದ ನುಂಗಿಬಿಡುವವರು ಉಂಟು. ಅಂಥವರು "ಏನೂ ಕುಡಿಯಬಾರದು ಅಂದಿದ್ದಾರೆ" ಅಂತ ನಡುಗುತ್ತಾ ಕೂತರೆ ಅದು ತಿಂದು ಬರುವುದಕ್ಕಿಂತ ಅಪಾಯ. ಸಕ್ಕರೆ ನೀರು ಕುಡಿದಿದ್ದರೆ ಎಷ್ಟು ಗಂಟೆಗೆ ಅಂತ ನೀವು ಆಸ್ಪತ್ರೆಯಲ್ಲಿ ಹೇಳಬೇಕು, ಮರೆಯಬೇಡಿ.

ಮಾತ್ರೆಗೆ ಹೆಸರಿನ ಜೊತೆ ಗುರುತೂ ಹಾಕಿ. ಅವರು ಬಿಪಿ ಮಾತ್ರೆ ಅಂತ ಕರೆಯುತ್ತಾರೋ, ಕೆಂಪು ಪಟ್ಟಿಯ ಮಾತ್ರೆ ಅನ್ನುತ್ತಾರೋ ಕೇಳಿ ನೋಡಿ.

ಹಳೇಲೆಕ್ಕ

ನನ್ನ ಎರಡು ಸಾಲಿಗಿಂತ ಉದ್ದವಾದರೂ ಇದು ಓದಿಸಿಕೊಳ್ಳುತ್ತದೆ. ಹೊತ್ತಿನ ಸಾಲಿನಲ್ಲೇ ಹೋಗುವುದರಿಂದ ಹುಡುಕಬೇಕಾಗಿಲ್ಲ. ಆದರೆ "ದಿನದ ರಾತ್ರಿ ಮಾತ್ರೆ" ಅನ್ನುವುದು ತೊಡಕಾಗಿದೆ. "ರಾತ್ರಿ ಮಾತ್ರೆ ಎಂದಿನಂತೆ" ಸಾಕು.

ಮಂಜಿನಹನಿ

"ನೀರು ಕುಡಿಯಬಹುದು, ಕುಡಿಯಿರಿ" ಎರಡೂ ಇರಲಿ, ಬರೀ "ಬಹುದು" ಅಂದರೆ ಹಿರಿಯರು ಬೇಡ ಅಂದುಕೊಂಡು ಬಿಟ್ಟುಬಿಡುತ್ತಾರೆ. 7:30ರ ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಮಾಡಿ. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಕಳಿಸಿದ ಮೇಲೆ ಫೋನ್ ಮಾಡಿ "ಅರ್ಥವಾಯಿತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ದೊಡ್ಡಮ್ಮ, ಗುರುವಾರ ಎದ್ದ ಮೇಲೆ ಏನೇನು ಮಾಡುತ್ತೀರಿ, ಹೇಳಿ ನೋಡೋಣ" ಅಂತ ಅವರ ಬಾಯಿಂದಲೇ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ.

ಅಂಗಳ

ಹೇಳಿಸಿದೆ. ಊಟ, ಬಿಪಿ ಮಾತ್ರೆ, ನೀರು ಎಲ್ಲ ಸರಿಯಾಗಿ ಹೇಳಿದರು. ಆದರೆ "ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರವಾಗುತ್ತದಲ್ಲ, ಆಗ ಕಾಫಿ ಕುಡಿಯಬಹುದಲ್ಲ, ಇನ್ನೂ ಬೆಳಗಾಗಿರುವುದಿಲ್ಲ" ಅಂದರು. ಅವರ ಪ್ರಕಾರ ನನ್ನ "ಬೆಳಿಗ್ಗೆ" ಶುರುವಾಗುವುದು ಆರಕ್ಕೆ. ಆ ಸಾಲನ್ನು "ಬುಧವಾರ ರಾತ್ರಿ ಊಟದ ನಂತರ ಪರೀಕ್ಷೆ ಮುಗಿಯುವವರೆಗೆ ಕಾಫಿ, ಟೀ, ಹಾಲು ಬೇಡ. ಬೆಳಗಿನ ಜಾವ ಎದ್ದರೂ ಬೇಡ" ಅಂತ ಬದಲಾಯಿಸಿದ್ದೇನೆ. ಸಕ್ಕರೆ ಮಾತ್ರೆಯ ಡಬ್ಬಿಯನ್ನು ಬುಧವಾರ ರಾತ್ರಿಯೇ ಅಲಮಾರಿನ ಮೇಲಿನ ಅರೆಗೆ ಎತ್ತಿಡುತ್ತೇನೆ ಅಂತ ಅವರೇ ಹೇಳಿದರು.

ಮಿಣುಕುಹುಳ

ನಾನೂ ಅಪ್ಪನ ಲ್ಯಾಬಿಗೆ ಫೋನ್ ಮಾಡಿದೆ. ಸಕ್ಕರೆಗೆ ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ಬೇಡ, ರಕ್ತ ಕೊಟ್ಟ ಮೇಲೆ ತಿಂಡಿ ತಿಂದು ಎರಡು ಗಂಟೆಗೆ ಮತ್ತೊಮ್ಮೆ ಬರಬೇಕು ಅಂದರು. ಅದು ಮಧ್ಯಾಹ್ನ ಎರಡೋ, ತಿಂಡಿಯಾಗಿ ಎರಡು ತಾಸಿಗೋ?

ಕೆಂಪುಮಣ್ಣು

ತಿಂಡಿ ತಿನ್ನೂದಕ್ಕ ಶುರು ಮಾಡಿದ ಹೊತ್ತಿನಿಂದ ಎರಡು ತಾಸಿಗೆ ಇರಬೇಕ್ರಿ, ನಮ್ಮವ್ವಗ ಹಂಗೇ ಹೇಳಿದ್ರು. ಆದ್ರೂ ನೀವು ಇನ್ನೊಮ್ಮೆ ಫೋನ್ ಹಚ್ಚಿ ಕೇಳ್ರಿ. ಎಷ್ಟಕ್ಕ ತಿನ್ನಾಕ ಶುರು ಮಾಡಿದ್ರು ಅಂತ ಅಪ್ಪಾರ ಕೈಯಾಗಿನ ಚೀಟಿಯೊಳಗ ಅಲ್ಲೇ ಬರೀರಿ.